ಕರೆಂಟ್ ಬಂದರೆ ಒಂದು ಸದ್ದು, ದುಡ್ಡು ಬಂದರೆ ಒಂದು ಸದ್ದು: ಫೋನಿನಲ್ಲಿ ಟೋನ್ ಎಲ್ಲಿ ಇಡಬೇಕು?

ಕಾಕಾ ನಮ್ಮ ಅಂಗಡಿಗೆ ಬಂದಾಗ ಮಾರ್ಚ್ ತಿಂಗಳ ರಣ ಬಿಸಿಲು. ತಿಕೋಟಾ ಕಡೆಯವರು. ದ್ರಾಕ್ಷಿ ತೋಟ ಇದೆ, ಪಕ್ಕದಲ್ಲೇ ಮಣೂಕ ಒಣಗಿಸುವ ಶೆಡ್ ಇದೆ. ಫೋನ್ ತೆಗೆದು ಕೌಂಟರ್ ಮೇಲೆ ಇಟ್ಟರು.

"ತಮ್ಮಾ, ಇದಕ್ಕ ಏನರ ಮಾಡು. ಎಲ್ಲಾದಕ್ಕೂ ಟಿಂಗ್ ಅಂತೈತಿ. ರಾತ್ರಿ ಹತ್ತ ಸರ್ತಿ ಎದ್ದ ನೋಡ್ತೀನಿ, ಬರೇ ಗುಡ್ ನೈಟ್ ಇರ್ತಾವ. ಒಂದ ಸರ್ತಿ ಏಳಲಿಲ್ಲ ನೋಡು, ಅವತ್ತ ಕರೆಂಟ್ ಬಂದು ಹೋಗೇತಿ."

ವಿಜಯಪುರದಲ್ಲಿ ಮೊಬೈಲ್ ಅಂಗಡಿ ಇಟ್ಟ ಮೇಲೆ ಈ ಮಾತನ್ನು ಬೇರೆ ಬೇರೆ ಬಾಯಿಂದ ಬಹಳ ಸಲ ಕೇಳಿದ್ದೇನೆ. ಹೆಚ್ಚಿನವರು ಕೇಳುವುದು "ಒಂದ್ ಜೋರಾದ ಟೋನ್ ಹಾಕಿ ಕೊಡ್ರಿ" ಅಂತ. ಜೋರು ಮಾಡಿದರೆ ಗುಡ್ ನೈಟ್ ಕೂಡ ಜೋರಾಗಿಯೇ ಬರುತ್ತದೆ, ಅಷ್ಟೇ. ಬೇಕಾದದ್ದು ಬೇರೆ ಬೇರೆ ಸದ್ದು. ಆದರೆ ಆ ಸದ್ದನ್ನು ಎಲ್ಲಿ ಹೊಂದಿಸಬೇಕು ಅನ್ನುವಲ್ಲಿ ಜನ ಎಡವುತ್ತಾರೆ. ಒಂದೇ ಫೋನಿನಲ್ಲಿ ಟೋನ್ ಇಡಲು ನಾಲ್ಕು ಜಾಗ ಇವೆ. ಒಂದರಲ್ಲಿ ಇಟ್ಟದ್ದು ಇನ್ನೊಂದಕ್ಕೆ ಗೊತ್ತೇ ಆಗುವುದಿಲ್ಲ.

ಕಾಕಾ ಅವರದು ಆಂಡ್ರಾಯ್ಡ್ ಫೋನ್. ನಾನೂ ಆಂಡ್ರಾಯ್ಡ್ ಹಿಡಿದೇ ಹೇಳುತ್ತೇನೆ. ಐಫೋನಿನ ಮಾತು ಕೊನೆಗೆ ಸ್ವಲ್ಪ ಇದೆ.

ಮೊದಲು ಕೇಳಬೇಕಾದದ್ದು: ಸುದ್ದಿ ಯಾವ ದಾರಿಯಲ್ಲಿ ಬರುತ್ತದೆ?

ನಾನು ಕಾಕಾ ಅವರನ್ನು ಕೂರಿಸಿಕೊಂಡು ಚಹಾ ತರಿಸಿದೆ. "ಯಾವ ಸುದ್ದಿ ತಪ್ಪಿದರೆ ನಿಮಗೆ ನಷ್ಟ?" ಅಂತ ಕೇಳಿದೆ. ಅವರು ನಾಲ್ಕು ಹೇಳಿದರು. ತ್ರೀ ಫೇಸ್ ಕರೆಂಟ್ ಬಂದದ್ದು, ಯಾಕಂದ್ರೆ ಆಗಲೇ ಬೋರ್ ಚಾಲೂ ಮಾಡಿ ಕೃಷಿಹೊಂಡ ತುಂಬಿಸಬೇಕು. ಊರಲ್ಲಿರುವ ಅವರ ಅವ್ವನ ಫೋನು. ಶೆಡ್ಡಿನಲ್ಲಿ ಮಲಗುವ ಆಳು ಕಳಿಸುವ ಮೆಸೇಜು. ಮೋಡ ಕಟ್ಟಿ ಹನಿ ಬಿದ್ದರೆ ತಾಡಪತ್ರಿ ಇಳಿಬಿಡಬೇಕು, ಇಲ್ಲದಿದ್ದರೆ ಮಣೂಕ ಕಪ್ಪಾಗುತ್ತದೆ. ನಾಲ್ಕನೆಯದು ಬ್ಯಾಂಕಿಗೆ ದುಡ್ಡು ಜಮಾ ಆದ ಸುದ್ದಿ.

ಈ ನಾಲ್ಕೂ ಒಂದೇ ದಾರಿಯಲ್ಲಿ ಬರುವುದಿಲ್ಲ. ಅವ್ವನದು ಮಾಮೂಲಿ ಕರೆ. ಆಳಿನದು ವಾಟ್ಸಾಪ್. ಬ್ಯಾಂಕಿನದು ಎಸ್‌ಎಂಎಸ್, ಜೊತೆಗೆ ಬ್ಯಾಂಕಿನ ಆ್ಯಪ್ ಕೂಡ. ಕರೆಂಟಿನ ಸುದ್ದಿ ಎರಡು ಕಡೆಯಿಂದ ಬರುತ್ತಿತ್ತು. ರೈತರೇ ಮಾಡಿಕೊಂಡ ಒಂದು ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ "ಬಂತು" ಅಂತ ಹಾಕುತ್ತಿದ್ದರು. ಪಂಪಿನ ಮನೆಯಲ್ಲಿದ್ದ ಮೊಬೈಲ್ ಸ್ಟಾರ್ಟರ್ ಕೂಡ ಕರೆ ಮಾಡುತ್ತಿತ್ತು. ಅದರೊಳಗೆ ಒಂದು ಸಿಮ್ ಇರುತ್ತದೆ. ಕರೆಂಟ್ ಬಂದ ಕೂಡಲೇ ತಾನೇ ನಿಮ್ಮ ನಂಬರಿಗೆ ಫೋನ್ ಹಚ್ಚುತ್ತದೆ. ಕಾಕಾ ಆ ನಂಬರನ್ನು ಸೇವ್ ಮಾಡಿಯೇ ಇರಲಿಲ್ಲ. ಅಪರಿಚಿತ ನಂಬರು, ಸಾಲ ಕೊಡುವವರು ಇರಬೇಕು ಅಂತ ಕಟ್ ಮಾಡುತ್ತಿದ್ದರು!

ಹೀಗೆ ದಾರಿ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಇನ್ನು ಒಂದೊಂದೇ ದಾರಿಯನ್ನು ತೂಗಿ ನೋಡೋಣ.

ಕರೆಗೆ ಇಡುವ ಟೋನ್: ಎಲ್ಲಕ್ಕಿಂತ ಗಟ್ಟಿ

ಒಬ್ಬರ ಕರೆಗೆ ಬೇರೆ ರಿಂಗ್‌ಟೋನ್ ಇಡುವುದು ಹಳೇ ಕಾಲದ ವಿದ್ಯೆ. ಈಗಲೂ ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ನಂಬಿಕೆಯದ್ದು. Contacts ಆ್ಯಪ್ ತೆರೆಯಿರಿ, ಹೆಸರು ಒತ್ತಿ, ಮೇಲಿನ ಮೂರು ಚುಕ್ಕೆ ಒತ್ತಿದರೆ Set ringtone ಸಿಗುತ್ತದೆ. ಕೆಲವು ಫೋನುಗಳಲ್ಲಿ ಇದು Edit ಒಳಗೆ, View more ಕೆಳಗೆ ಅಡಗಿರುತ್ತದೆ.

ಇದು ಗಟ್ಟಿ ಅನ್ನಲು ಕಾರಣ ಇದೆ. ಮೆಸೇಜಿನ ಟೋನ್ ಒಮ್ಮೆ ಟಿಂಗ್ ಅಂದು ಸುಮ್ಮನಾಗುತ್ತದೆ. ಕರೆ ಹಾಗಲ್ಲ, ಎತ್ತುವ ತನಕ ಬಾರಿಸುತ್ತಲೇ ಇರುತ್ತದೆ. ಗಾಢ ನಿದ್ದೆಯಲ್ಲಿ ಇದ್ದವರಿಗೆ ಒಂದು ಸೆಕೆಂಡಿನ ಸದ್ದಿಗೂ ಅರ್ಧ ನಿಮಿಷದ ಸದ್ದಿಗೂ ಬಹಳ ಅಂತರ. ಇಂಟರ್ನೆಟ್ ಕೂಡ ಬೇಕಿಲ್ಲ. ತೋಟದಲ್ಲಿ ಒಂದೇ ಗೀಟು ಸಿಗ್ನಲ್ ಇದ್ದರೂ ಕರೆ ಬಂದುಬಿಡುತ್ತದೆ, ವಾಟ್ಸಾಪ್ ಮಾತ್ರ ಕಾಯುತ್ತಾ ಕೂತಿರುತ್ತದೆ.

ತಪ್ಪುವುದು ಎರಡು ಕಡೆ. ಮೊದಲನೆಯದು, ನಂಬರು ಸಿಮ್‌ನಲ್ಲಿ ಸೇವ್ ಆಗಿದ್ದರೆ Set ringtone ಕಾಣುವುದೇ ಇಲ್ಲ, ಅಥವಾ ಒತ್ತಲು ಬರುವುದಿಲ್ಲ. ಸಿಮ್‌ನಲ್ಲಿ ಹೆಸರು ಮತ್ತು ನಂಬರಿಗೆ ಜಾಗ ಇರುತ್ತದೆಯೇ ಹೊರತು ಟೋನಿಗೆ ಇರುವುದಿಲ್ಲ. ಕಾಕಾ ಅವರ ಅವ್ವನ ನಂಬರು ಹಾಗೇ ಇತ್ತು, ಹಳೆ ಕೀಪ್ಯಾಡ್ ಫೋನಿನ ಕಾಲದ್ದು. ಅದನ್ನು ಫೋನಿಗೆ ನಕಲು ಮಾಡಿಕೊಂಡ ಮೇಲೆಯೇ ದಾರಿ ತೆರೆಯಿತು.

ಎರಡನೆಯದು ಇದರ ಬೆನ್ನಿಗೇ ಬರುತ್ತದೆ. ನಕಲು ಮಾಡಿದಾಗ ಒಂದೇ ನಂಬರು ಎರಡು ಹೆಸರಿನಲ್ಲಿ ಉಳಿಯುತ್ತದೆ. "ಅವ್ವ" ಅಂತ ಒಂದು, "ಮನಿ" ಅಂತ ಇನ್ನೊಂದು. ಟೋನ್ ಇಟ್ಟದ್ದು ಒಂದಕ್ಕೆ, ಕರೆ ಬಂದಾಗ ಫೋನ್ ಹಿಡಿಯುವುದು ಇನ್ನೊಂದನ್ನು. ಕರೆ ಬಂದಾಗ ಪರದೆಯಲ್ಲಿ ಯಾವ ಹೆಸರು ಮೂಡುತ್ತದೆ ನೋಡಿ. ನೀವು ಟೋನ್ ಇಟ್ಟ ಹೆಸರು ಅಲ್ಲ ಅಂದರೆ ಇನ್ನೊಂದನ್ನು ಅಳಿಸಿ.

ಇನ್ನೊಂದು ಮಾತು. ಈ ಟೋನ್ ಮಾಮೂಲಿ ಕರೆಗೆ ಮಾತ್ರ. ಅದೇ ಅವ್ವ ಮೊಮ್ಮಗಳ ಕೈಯಿಂದ ವಾಟ್ಸಾಪ್ ಕರೆ ಮಾಡಿಸಿದರೆ ಈ ಟೋನ್ ಬರುತ್ತದೆ ಅಂತ ನಂಬಿ ಕೂರಬೇಡಿ. ಎಸ್‌ಎಂಎಸ್‌ಗೂ ಇದಕ್ಕೂ ಸಂಬಂಧ ಇಲ್ಲ.

ಸ್ಟಾರ್ಟರಿನ ನಂಬರನ್ನು "ಬೋರ್ ಕರೆಂಟ್" ಅಂತ ಫೋನಿನಲ್ಲೇ ಸೇವ್ ಮಾಡಿದೆ. ಕರೆಂಟಿನ ಸುದ್ದಿಗೆ ಗುಂಪನ್ನು ನೆಚ್ಚುವುದು ಬೇಡ, ಇದೇ ಸಾಕು ಅಂತ ನಿರ್ಧಾರ ಆಯಿತು. ಗುಂಪಿನಲ್ಲಿ ಯಾರಾದರೂ ಎಚ್ಚರ ಇದ್ದು ಹಾಕಬೇಕು. ಅವರ ಫೀಡರಿಗೆ ಬಂದದ್ದು ನಿಮ್ಮ ಫೀಡರಿಗೆ ಬಂದಿರಬೇಕು ಅಂತಲೂ ಇಲ್ಲ. ಸ್ಟಾರ್ಟರ್ ಹೇಳುವುದು ನಿಮ್ಮ ಪಂಪಿನ ಮಾತು.

ವಾಟ್ಸಾಪ್: ಗುಂಪುಗಳನ್ನು ಒಂದೊಂದಾಗಿ ಮ್ಯೂಟ್ ಮಾಡಬೇಡಿ

ಕಾಕಾ ಅವರ ಫೋನಿನಲ್ಲಿ ಹದಿನಾಲ್ಕು ಗುಂಪು. ದ್ರಾಕ್ಷಿ ಬೆಳೆಗಾರರದೇ ಮೂರು, ಬೀಗರದು ಎರಡು, ಮಠದ್ದು ಒಂದು, ಔಷಧ ಅಂಗಡಿಯವರು ಸೇರಿಸಿದ್ದು ಒಂದಷ್ಟು. ಹುಡುಗರು ಎಂಟು ಗುಂಪನ್ನು ಮ್ಯೂಟ್ ಮಾಡಿ ಕೊಟ್ಟಿದ್ದರಂತೆ. ವಾರದಲ್ಲಿ ಇನ್ನೆರಡು ಹೊಸ ಗುಂಪಿಗೆ ಯಾರೋ ಸೇರಿಸಿದರು, ಮತ್ತೆ ಅದೇ ಟಿಂಗ್ ಟಿಂಗ್.

ಇದನ್ನು ತಿರುಗಿಸಿ ಮಾಡುವುದು ಒಳ್ಳೆಯದು. ವಾಟ್ಸಾಪಿನ Settings ಒಳಗೆ Notifications ತೆರೆದರೆ, ಒಬ್ಬೊಬ್ಬರ ಮೆಸೇಜಿಗೆ ಒಂದು ಟೋನ್, ಗುಂಪುಗಳಿಗೆ ಇನ್ನೊಂದು ಟೋನ್, ಕರೆಗೆ ಮತ್ತೊಂದು ರಿಂಗ್‌ಟೋನ್ ಅಂತ ಬೇರೆ ಬೇರೆ ಇರುತ್ತದೆ. ಅಲ್ಲಿ ಗುಂಪುಗಳ ಟೋನನ್ನು None ಮಾಡಿ. ಈಗ ಎಲ್ಲ ಗುಂಪೂ, ನಾಳೆ ಸೇರಿಸುವ ಗುಂಪು ಕೂಡ, ಸದ್ದಿಲ್ಲದೆ ಬರುತ್ತವೆ. ಮೆಸೇಜು ಬರುತ್ತದೆ, ಬಿಡುವಾದಾಗ ಓದಬಹುದು. ಬೇಕಾದ ಒಂದೋ ಎರಡೋ ಚಾಟಿಗೆ ಮಾತ್ರ ಸದ್ದು ಕೊಡಿ.

ಹೇಗೆ ಅಂದರೆ, ಆ ಚಾಟ್ ತೆರೆದು ಮೇಲಿನ ಹೆಸರು ಒತ್ತಿ. ಕೆಳಗೆ Notifications ಇರುತ್ತದೆ. ಹಳೆಯ ವಾಟ್ಸಾಪಿನಲ್ಲಿ Custom notifications ಅಂತ ಇದ್ದು, ಮೊದಲು Use custom notifications ಗುರುತು ಹಾಕಬೇಕು. ಅದರೊಳಗೆ ಮೆಸೇಜಿನ ಟೋನ್ ಒಂದು ಸಾಲು, ವಾಟ್ಸಾಪ್ ಕರೆಯ ರಿಂಗ್‌ಟೋನ್ ಇನ್ನೊಂದು ಸಾಲು. ಎರಡನ್ನೂ ಬೇರೆ ಬೇರೆಯಾಗಿ ಹೊಂದಿಸಬೇಕು. ಅವ್ವನ ವಾಟ್ಸಾಪ್ ಕರೆಗೂ ಅದೇ ಟೋನ್ ಬೇಕಿದ್ದರೆ ಅದು ಸಿಗುವುದು ಇಲ್ಲಿ.

ಶೆಡ್ಡಿನ ಆಳಿನ ಚಾಟಿಗೆ ಹೀಗೇ ಮಾಡಿದೆವು. ಮಾಡಿ ಎರಡು ದಿನಕ್ಕೆ ಕಾಕಾ ಫೋನ್ ಹಚ್ಚಿದರು: "ಸದ್ದು ಬರವಲ್ದು ತಮ್ಮಾ."

ಬಂದಾಗ ನೋಡಿದರೆ ಆ ಚಾಟ್ Archived ಒಳಗೆ ಕೂತಿತ್ತು. ಬೆರಳು ತಾಗಿ ಹೋಗಿರಬೇಕು. ಅಲ್ಲಿಗೆ ಹೋದ ಚಾಟ್ ಸಾಮಾನ್ಯವಾಗಿ ಸದ್ದು ಮಾಡುವುದಿಲ್ಲ, ನೀವು ಎಷ್ಟೇ ಚಂದದ ಟೋನ್ ಇಟ್ಟಿರಿ. ಹೊರಗೆ ತೆಗೆದ ಕೂಡಲೇ ಸರಿ ಆಯಿತು. ವಾಟ್ಸಾಪ್ ಟೋನ್ ಬರುತ್ತಿಲ್ಲ ಅಂತ ಬರುವವರಲ್ಲಿ ನಾನು ಮೊದಲು ನೋಡುವುದೇ ಇದನ್ನು. ಆಮೇಲೆ ನೋಡುವುದು ಬ್ಯಾಟರಿ.

ಬ್ಯಾಟರಿಯ ಕತೆ ಹೀಗೆ. ಚಾರ್ಜ್ ಉಳಿಸಲು ಕೆಲವು ಫೋನುಗಳು ಹಿಂದೆ ಓಡುವ ಆ್ಯಪ್‌ಗಳನ್ನು ಮಲಗಿಸಿಬಿಡುತ್ತವೆ. ಆಗ ಮೆಸೇಜು ನೀವು ಫೋನ್ ಕೈಗೆತ್ತಿಕೊಂಡ ಮೇಲೆ ಒಟ್ಟಿಗೇ ಬಂದು ಬೀಳುತ್ತವೆ. ಇದನ್ನು ಗುರುತಿಸುವುದು ಸುಲಭ. ಪರದೆ ಹಚ್ಚಿದ ಕ್ಷಣವೇ ಮೂರು ನಾಲ್ಕು ಟೋನ್ ಒಟ್ಟಿಗೆ ಬಂದು, ಮೆಸೇಜಿನ ಹೊತ್ತು ಮಾತ್ರ ಅರ್ಧ ಗಂಟೆ ಹಿಂದಿನದಾಗಿದ್ದರೆ ತಪ್ಪು ಟೋನಿನದ್ದಲ್ಲ. Settings ಒಳಗೆ Apps, ಅದರಲ್ಲಿ ವಾಟ್ಸಾಪ್, ಅದರ ಬ್ಯಾಟರಿ ಸಾಲಿನಲ್ಲಿ Unrestricted ಆರಿಸಿದರೆ ಸರಿ ಹೋಗುತ್ತದೆ. ಚಾರ್ಜ್ ಸ್ವಲ್ಪ ಜಾಸ್ತಿ ತಿನ್ನುತ್ತದೆ. ಆದ್ದರಿಂದ ಬೇಕಾದ ಆ್ಯಪಿಗೆ ಮಾತ್ರ ಮಾಡಿ.

ಬ್ಯಾಂಕು: ಎಸ್‌ಎಂಎಸ್ಸಿಗೋ, ಆ್ಯಪಿಗೋ?

ಇಲ್ಲಿ ನಾನೇ ಮೊದಲು ತಪ್ಪು ದಾರಿ ಹಿಡಿದೆ. ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಆಂಡ್ರಾಯ್ಡ್ 11ರಿಂದ, ಅಂದರೆ 2020ರಿಂದ, ಒಂದೊಂದು ಸಂಭಾಷಣೆಗೆ ಬೇರೆ ಸದ್ದು ಕೊಡುವ ಸೌಲಭ್ಯ ಫೋನಿನಲ್ಲೇ ಇದೆ. ಗೂಗಲ್‌ನ Messages ಆ್ಯಪಿನಲ್ಲಿ ಬ್ಯಾಂಕಿನ ಎಸ್‌ಎಂಎಸ್ ತೆರೆದು, ಮೂರು ಚುಕ್ಕೆ, Details, Notifications ಅಂತ ಹೋದರೆ Sound ಸಿಗುತ್ತದೆ. ಸರಿ, ಬ್ಯಾಂಕಿಗೊಂದು ಟೋನ್ ಇಟ್ಟು ಕೊಟ್ಟೆ.

ಒಂದು ವಾರ ಚೆನ್ನಾಗಿ ನಡೆಯಿತು. ಆಮೇಲೆ ಒಂದು ಜಮಾ ಮಾಮೂಲಿ ಸದ್ದಿನಲ್ಲೇ ಬಂತು. ನೋಡಿದರೆ ಅದೇ ಬ್ಯಾಂಕು, ಆದರೆ ಬೇರೆ ಸಾಲು. ನಮ್ಮಲ್ಲಿ ಬ್ಯಾಂಕಿನ ಎಸ್‌ಎಂಎಸ್ ಫೋನ್ ನಂಬರಿನಿಂದ ಬರುವುದಿಲ್ಲ, ಅಕ್ಷರಗಳ ಹೆಸರಿನಿಂದ ಬರುತ್ತದೆ. ಮುಂದೆ ಎರಡು ಅಕ್ಷರ, ಒಂದು ಅಡ್ಡಗೆರೆ, ಆಮೇಲೆ ಬ್ಯಾಂಕಿನ ಹೆಸರಿನ ತುಂಡು. ಮುಂದಿನ ಆ ಎರಡು ಅಕ್ಷರ ಯಾವ ಟೆಲಿಕಾಂ ಕಂಪನಿಯ, ಯಾವ ವಲಯದ ಮೂಲಕ ಮೆಸೇಜು ಹೊರಟಿತು ಅನ್ನುವುದರ ಗುರುತು. ಅದು ಬದಲಾದರೆ ಫೋನಿನ ಕಣ್ಣಿಗೆ ಅದು ಬೇರೆಯೇ ಮನುಷ್ಯ. ಹೊಸ ಸಂಭಾಷಣೆ, ಹೊಸ ಸಾಲು, ಮಾಮೂಲಿ ಟಿಂಗ್. ಎರಡನೆಯದಕ್ಕೂ ಟೋನ್ ಇಟ್ಟೆ. ತಿಂಗಳು ತುಂಬುವುದರೊಳಗೆ ಮೂರನೆಯದು ಬಂತು.

ಹಾಗಾದರೆ ಬ್ಯಾಂಕಿನ ಆ್ಯಪ್? ಅದಕ್ಕೆ ಈ ಅಕ್ಷರಗಳ ಗೋಳು ಇಲ್ಲ. ಆಂಡ್ರಾಯ್ಡ್ 8, ಅಂದರೆ 2017ರಿಂದ, ಒಂದು ಆ್ಯಪ್ ತನ್ನ ಸೂಚನೆಗಳನ್ನು ವಿಭಾಗ ಮಾಡಿ ಇಡಬಹುದು. ವಹಿವಾಟಿಗೆ ಒಂದು ವಿಭಾಗ, ಆಫರಿಗೆ ಒಂದು ವಿಭಾಗ ಅನ್ನುವ ಹಾಗೆ. ಒಂದೊಂದು ವಿಭಾಗದ ಸದ್ದು ಏನು ಅನ್ನುವುದು ನಿಮ್ಮ ಕೈಯಲ್ಲಿರುತ್ತದೆ. ನೀವು ಇಟ್ಟದ್ದನ್ನು ಆ್ಯಪ್ ತಾನಾಗಿ ಬದಲಿಸಲು ಆಗುವುದಿಲ್ಲ. ದಾರಿ ಇದು:

```
Settings > Apps > ಆ್ಯಪಿನ ಹೆಸರು > Notifications > ವಿಭಾಗ > Sound
```

ವಿಭಾಗಗಳೇ ಕಾಣದಿದ್ದರೆ ಗಾಬರಿ ಬೇಡ. ಸ್ಯಾಮ್ಸಂಗ್‌ನ ಈಚಿನ ಫೋನುಗಳಲ್ಲಿ ಅದನ್ನು ಮುಚ್ಚಿ ಇಟ್ಟಿರುತ್ತಾರೆ. Settings, Notifications, Advanced settings ಒಳಗೆ Manage notification categories for each app ಅನ್ನುವುದನ್ನು ಚಾಲೂ ಮಾಡಿದ ಮೇಲೆ ಕಾಣುತ್ತವೆ.

ಆದರೆ ವಿಭಾಗ ಮಾಡುವುದು ಆ್ಯಪ್ ಬರೆದವರ ಮರ್ಜಿ. ಕಾಕಾ ಅವರ ಬ್ಯಾಂಕಿನ ಆ್ಯಪಿನಲ್ಲಿ ಇದ್ದದ್ದು ಒಂದೇ ವಿಭಾಗ. ದುಡ್ಡು ಜಮಾ ಆದದ್ದೂ ಅದರಲ್ಲೇ, "ನಿಮಗೆ ಸಾಲ ಮಂಜೂರಾಗಿದೆ" ಅನ್ನುವ ಜಾಹೀರಾತೂ ಅದರಲ್ಲೇ. ಇಂಥ ಆ್ಯಪಿಗೆ ಟೋನ್ ಇಟ್ಟರೆ ದಿನಕ್ಕೆರಡು ಸಲ ಸುಮ್ನೆ ಆಸೆ ಹುಟ್ಟಿಸುತ್ತದೆ. ನಾಲ್ಕು ದಿನದಲ್ಲಿ ಕಿವಿ ಆ ಸದ್ದನ್ನು ಲೆಕ್ಕಕ್ಕೇ ಇಡುವುದಿಲ್ಲ.

ಕೊನೆಗೆ ನಾನು ಮಾಡಿದ್ದು ಇಷ್ಟು. ಕಾಕಾ ಅವರಿಗೆ ಎಸ್‌ಎಂಎಸ್‌ನಲ್ಲಿ ಮನುಷ್ಯರು ಯಾರೂ ಬರೆಯುವುದಿಲ್ಲ. ಬರುವುದು ಬ್ಯಾಂಕು, ಸರಕಾರದ ಮೆಸೇಜು, ಜಾಹೀರಾತು. ಆದ್ದರಿಂದ Messages ಆ್ಯಪಿಗೇ ಒಂದು ಟೋನ್ ಇಟ್ಟು, ಜಾಹೀರಾತನ್ನು ಬೇರೆ ಕಡೆಯಿಂದ ತಡೆದೆ. 1909ಕ್ಕೆ ಈ ಮೆಸೇಜು ಕಳಿಸಿದರೆ ಜಾಹೀರಾತಿನ ಎಸ್‌ಎಂಎಸ್ ಮತ್ತು ಕರೆ ಬೇಡ ಅಂತ ನೋಂದಣಿ ಆಗುತ್ತದೆ:

```
START 0
```

ಬ್ಯಾಂಕಿನ ಜಮಾ, ಓಟಿಪಿ ಇವಕ್ಕೆ ಇದರಿಂದ ತಡೆ ಇಲ್ಲ. ಇಷ್ಟಾಗಿಯೂ ನುಸುಳಿ ಬರುವವನ್ನು ಗುರುತಿಸಲು ಹೆಸರಿನ ಕೊನೆ ನೋಡಿ. 2025ರಿಂದ ಅಲ್ಲಿ ಒಂದು ಅಕ್ಷರ ಸೇರಿದೆ. ಕೊನೆಯಲ್ಲಿ -P ಇದ್ದರೆ ಜಾಹೀರಾತು, -T ಇದ್ದರೆ ವಹಿವಾಟು, -S ಸೇವೆ, -G ಸರಕಾರದ್ದು. -P ಇರುವ ಸಂಭಾಷಣೆಯನ್ನು ಒಂದೊಂದಾಗಿ ಸದ್ದಿಲ್ಲದಂತೆ ಮಾಡುತ್ತಾ ಹೋದರೆ ಸಾಕು.

ಅಂದಹಾಗೆ, ನಿಮ್ಮದು ಕಿರಾಣಿ ಅಂಗಡಿಯೋ ಖಾನಾವಳಿಯೋ ಆಗಿದ್ದು ದಿನಕ್ಕೆ ಐವತ್ತು ಸಲ ಯುಪಿಐ ಬರುವುದಿದ್ದರೆ ಈ ಯಾವ ತಲೆನೋವೂ ಬೇಡ. ಮೊತ್ತ ಹೇಳುವ ಸೌಂಡ್ ಬಾಕ್ಸ್ ಇಟ್ಟುಕೊಳ್ಳಿ. ತಿಂಗಳ ಬಾಡಿಗೆ ಹೋಗುತ್ತದೆ ನಿಜ, ಆದರೆ ಫೋನ್ ಜೇಬಿನಲ್ಲೇ ಇದ್ದರೂ ಗಿರಾಕಿ ಕೊಟ್ಟದ್ದು ಎಷ್ಟು ಅಂತ ಕೇಳುತ್ತದೆ. ಬರೀ ಟೋನ್ ಮೊತ್ತ ಹೇಳುವುದಿಲ್ಲ. ಟಿಂಗ್ ಅಂದಿತು ಅಂತ ಸಾಮಾನು ಕೊಟ್ಟು ಕಳಿಸಿ, ಆಮೇಲೆ ನೋಡಿದರೆ ಅದು ಆಫರಿನ ಸೂಚನೆ ಆಗಿದ್ದದ್ದು ನಮ್ಮ ಪಕ್ಕದ ಅಂಗಡಿಯಲ್ಲೇ ನಡೆದಿದೆ.

ಯಾವ ಸದ್ದು?

ಜಾಗ ಗೊತ್ತಾಯಿತು, ಇನ್ನು ಸದ್ದು ಆರಿಸಬೇಕು. ಫೋನಿನ ಪಟ್ಟಿಯಲ್ಲಿ ಐವತ್ತು ಟೋನ್ ಇರುತ್ತವೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದಕ್ಕೊಂದು ಅಣ್ಣತಮ್ಮಂದಿರು. ಅಂಗಡಿಯಲ್ಲಿ ಕೂತು ಕೇಳುವಾಗ ಬೇರೆ ಅನಿಸುತ್ತವೆ. ಮನೆಗೆ ಹೋಗಿ, ಫ್ಯಾನ್ ತಿರುಗುವಾಗ, ಫೋನ್ ಹಾಸಿಗೆ ಕೆಳಗೆ ಇದ್ದಾಗ ಎಲ್ಲವೂ ಒಂದೇ.

ವಯಸ್ಸಾದವರಿಗೆ ಮೊದಲು ಕೈಕೊಡುವುದು ತೆಳ್ಳಗಿನ, ಎತ್ತರದ ದನಿ. ಸಿಳ್ಳೆ, ಹಕ್ಕಿ ಕೂಗಿದಂಥ ಟೋನ್ ಹುಡುಗರಿಗೆ ಚೆನ್ನಾಗಿ ಕೇಳುತ್ತದೆ, ಅರವತ್ತು ದಾಟಿದವರಿಗೆ ಕೇಳದೇ ಹೋಗಬಹುದು. ಹಾಗಂತ ಗುಂಯ್ ಅನ್ನುವ ದಪ್ಪ ದನಿಯೂ ಆಗುವುದಿಲ್ಲ, ಫೋನಿನ ಪುಟ್ಟ ಸ್ಪೀಕರಿಗೆ ಅದನ್ನು ಹೊರಡಿಸುವ ಶಕ್ತಿ ಇಲ್ಲ. ನಡುವಿನ ದನಿ ಬೇಕು. ಗಂಟೆ, ತಾಳ, ಮನುಷ್ಯರ ಮಾತು ಇವೆಲ್ಲ ಆ ನಡುವಿನಲ್ಲಿ ಬರುತ್ತವೆ.

ಗುರುತು ಹಿಡಿಯಲು ರಾಗಕ್ಕಿಂತ ಬಡಿತ ಸುಲಭ. ಒಂದಕ್ಕೆ ಒಂದೇ ಹೊಡೆತ, ಇನ್ನೊಂದಕ್ಕೆ ಟಕ್ ಟಕ್ ಅಂತ ಎರಡು, ಮತ್ತೊಂದಕ್ಕೆ ಉದ್ದ ಎಳೆತ. ಇಷ್ಟು ಬೇರೆ ಇದ್ದರೆ ಅರೆನಿದ್ದೆಯಲ್ಲೂ ಗೊತ್ತಾಗುತ್ತದೆ. ಸಂಖ್ಯೆ ಮಾತ್ರ ಮೂರು ನಾಲ್ಕಕ್ಕೆ ನಿಲ್ಲಿಸಿ. ಒಬ್ಬ ಹುಡುಗ ಹನ್ನೊಂದು ಜನಕ್ಕೆ ಹನ್ನೊಂದು ಟೋನ್ ಇಟ್ಟುಕೊಂಡಿದ್ದ. ಪ್ರತಿ ಸಲ ಯಾರದು ಅಂತ ಯೋಚಿಸಿ, ಕೊನೆಗೆ ಫೋನ್ ತೆಗೆದು ನೋಡುತ್ತಿದ್ದ.

ಇದೆಲ್ಲಕ್ಕಿಂತ ನನಗೆ ಇಷ್ಟವಾದದ್ದು ಮಾತನ್ನೇ ಟೋನ್ ಮಾಡುವುದು. ಕಾಕಾ ಜೊತೆ ಅವರ ಮೊಮ್ಮಗಳು ಬಂದಿದ್ದಳು, ಐಸ್‌ಕ್ಯಾಂಡಿ ತಿನ್ನುತ್ತಾ ನಿಂತಿದ್ದಳು. ಫೋನಿನ ರೆಕಾರ್ಡರ್ ಚಾಲೂ ಮಾಡಿ, "ಅಜ್ಜಾ, ಕರೆಂಟ್ ಬಂತ, ಏಳ!" ಅಂತ ಹೇಳಿಸಿದೆ. ಮೊದಲ ಸಲ ನಕ್ಕುಬಿಟ್ಟಳು. ಎರಡನೇ ಸಲ ಸರಿಯಾಗಿ ಬಂತು. ರೆಕಾರ್ಡಿಂಗಿನ ಮುಂದಿದ್ದ ಖಾಲಿ ಜಾಗವನ್ನು ಕತ್ತರಿಸಿದೆ. ಅದನ್ನು ಬಿಟ್ಟರೆ ಟೋನ್ ಶುರುವಾಗುವುದೇ ಒಂದು ಸೆಕೆಂಡ್ ತಡ. ಫೈಲನ್ನು ಫೋನಿನ Ringtones ಫೋಲ್ಡರಿಗೆ ಹಾಕಿದೆ. ಮೆಸೇಜಿನ ಟೋನ್ ಆಗಿದ್ದರೆ Notifications ಫೋಲ್ಡರಿಗೆ ಹಾಕಬೇಕು. ಆಮೇಲೆ ಟೋನ್ ಪಟ್ಟಿ ತೆರೆದರೆ ಅದರ ಹೆಸರು ಅಲ್ಲೇ ಕಾಣುತ್ತದೆ.

ಫೋಲ್ಡರಿನ ವಿಷಯದಲ್ಲಿ ಸೋಮಾರಿತನ ಮಾಡಬೇಡಿ. ವಾಟ್ಸಾಪಿನಲ್ಲಿ ಬಂದ ಆಡಿಯೋವನ್ನೇ ಇದ್ದ ಜಾಗದಿಂದ ಟೋನ್ ಆಗಿ ಆರಿಸಿದರೆ ಆ ದಿನ ಕೆಲಸ ಮಾಡುತ್ತದೆ. ಜಾಗ ತುಂಬಿತು ಅಂತ ಮುಂದೆ ಯಾವತ್ತೋ ಫೈಲ್ ಅಳಿಸಿದಾಗ ಟೋನೂ ಹೋಗುತ್ತದೆ. ಫೋನ್ ಏನೂ ಹೇಳುವುದಿಲ್ಲ. ಮಾಮೂಲಿ ಸದ್ದಿಗೆ ಮರಳುತ್ತದೆ, ಇಲ್ಲವೇ ಸುಮ್ಮನಾಗುತ್ತದೆ.

ಬ್ಯಾಂಕಿಗೆ ಮಾತ್ರ ಮಾತಿನ ಟೋನ್ ಬೇಡ ಅಂದೆ. ಬಸ್ಸಿನಲ್ಲಿ ಕೂತಾಗ ಜೇಬಿನಿಂದ "ದುಡ್ಡು ಬಂತು" ಅಂತ ಕೂಗಿದರೆ ಹೇಗೆ? ಅದಕ್ಕೆ ಟಕ್ ಟಕ್ ಎರಡು ಹೊಡೆತ ಇಟ್ಟೆವು. ಆಳಿನ ಚಾಟಿಗೆ ಗಂಟೆಯ ಸದ್ದು, ಅವ್ವನಿಗೆ ಉದ್ದ ಎಳೆತದ ಶಹನಾಯಿ.

ಇಟ್ಟ ಮೇಲೆ ಪರೀಕ್ಷೆ ಮಾಡಬೇಕು, ಅದೂ ಕಣ್ಣು ಬಿಟ್ಟು ಅಲ್ಲ. ಫೋನ್ ಒಳಗಿನ ಕೋಣೆಯಲ್ಲಿ ಇಟ್ಟು, ಯಾವುದು ಅಂತ ನಿಮಗೆ ಮೊದಲೇ ತಿಳಿಸದೆ ಒಂದೊಂದರಿಂದ ಮೆಸೇಜು, ಕರೆ ಮಾಡಲು ಮನೆಯವರಿಗೆ ಹೇಳಿ. ನೀವು ಹೊರಗೆ ಕೂತು ಯಾವುದು ಅಂತ ಹೇಳಿ. ತಪ್ಪಿದ ಜೋಡಿಯಲ್ಲಿ ಒಂದನ್ನು ಬದಲಿಸಿ. ಕಾಕಾ ಅವರಿಗೆ ಗಂಟೆ ಮತ್ತು ಟಕ್ ಟಕ್ ಕಲೆಸಿದವು. ಗಂಟೆಯನ್ನು ತೆಗೆದು, ಆಳಿನ ಚಾಟಿಗೂ ಮೊಮ್ಮಗಳ ದನಿಯಲ್ಲೇ "ಮಳಿ, ಮಳಿ!" ಅಂತ ಹಾಕಿದೆವು.

ರಾತ್ರಿ ಏನಾಗುತ್ತದೆ

ಫೋನ್ ಸೈಲೆಂಟ್‌ನಲ್ಲಿ ಇದ್ದರೆ ಯಾವ ಟೋನೂ ಬರುವುದಿಲ್ಲ. ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ವಿಶೇಷ ಟೋನ್ ಇಟ್ಟರೆ ಸೈಲೆಂಟನ್ನೂ ಮೀರಿ ಬಾರಿಸುತ್ತದೆ ಅಂದುಕೊಳ್ಳುತ್ತಾರೆ. ರಾತ್ರಿಗೆ ಸೈಲೆಂಟ್ ಬೇಡ, Do Not Disturb ಹಾಕಿ. ಅದರಲ್ಲಿ ಯಾರಿಗೆ ಬಾಗಿಲು ತೆರೆದಿರಬೇಕು ಅಂತ ಹೇಳಬಹುದು. "ಬೋರ್ ಕರೆಂಟ್" ಮತ್ತು "ಅವ್ವ" ಎರಡಕ್ಕೂ Contacts ಒಳಗೆ ನಕ್ಷತ್ರದ ಗುರುತು ಹಾಕಿ, Do Not Disturb ಒಳಗೆ ಕರೆಗಳಿಗೆ Starred contacts ಆರಿಸಿದೆ. ರಾತ್ರಿ ಹತ್ತರಿಂದ ಬೆಳಗ್ಗೆ ಐದರವರೆಗೆ ತಾನೇ ಚಾಲೂ ಆಗುವ ಹಾಗೆ ಹೊತ್ತು ಕೊಟ್ಟೆ.

ವಾಟ್ಸಾಪಿಗೆ ಇಷ್ಟು ಸುಲಭದ ಬಾಗಿಲಿಲ್ಲ. ಆ್ಯಪನ್ನೇ ಒಳಗೆ ಬಿಟ್ಟರೆ ಆಳಿನ ಜೊತೆ ಉಳಿದವರ ಮೆಸೇಜೂ ಬಾರಿಸುತ್ತವೆ. ಆಳಿನ ಸೂಚನೆ ಬಂದಾಗ ಅದನ್ನು ಒತ್ತಿ ಹಿಡಿದು Priority ಮಾಡಿದರೆ ಆ ಒಂದು ಸಂಭಾಷಣೆಯನ್ನು ಒಳಗೆ ಬಿಡಬಹುದು. ಆದರೂ ಒಂದು ಸಲ ಕೂಗಿ ಸುಮ್ಮನಾಗುವ ಟೋನು ಅದು. ನಾನು ಕಾಕಾ ಅವರಿಗೆ ನೇರವಾಗಿ ಹೇಳಿದೆ, "ಹಗಲು ಮೆಸೇಜ್ ಇರಲಿ. ರಾತ್ರಿ ಮಳೆ ಬಂದರೆ ಆಳು ಕರೆಯೇ ಮಾಡಲಿ." ಅವನ ನಂಬರಿಗೂ ನಕ್ಷತ್ರ ಬಿತ್ತು. ಅವನ ಕರೆಗೂ ಅದೇ "ಮಳಿ, ಮಳಿ!"

ಐಫೋನ್ ಇದ್ದವರಿಗೆ

ಐಫೋನಿನಲ್ಲಿ ಒಬ್ಬರ ಹೆಸರು ತೆರೆದು Edit ಒತ್ತಿದರೆ Ringtone ಮತ್ತು Text Tone ಎರಡೂ ಅಲ್ಲೇ ಇವೆ. ಅವುಗಳ ಒಳಗೆ Emergency Bypass ಅಂತ ಒಂದು ಗುಂಡಿ ಇದೆ. ಅದನ್ನು ಹಾಕಿದರೆ ಫೋನ್ ಸೈಲೆಂಟ್ ಇದ್ದರೂ ಆ ಒಬ್ಬರು ಕೇಳಿಸುತ್ತಾರೆ. ಈ ಒಂದು ವಿಷಯದಲ್ಲಿ ಐಫೋನ್ ಮುಂದು. ಆದರೆ ಒಂದೊಂದು ಆ್ಯಪಿಗೆ ಬೇರೆ ಸದ್ದು ಇಡಲು ಫೋನಿನ ಸೆಟ್ಟಿಂಗಿನಲ್ಲಿ ದಾರಿ ಇಲ್ಲ, ಆ ಆ್ಯಪೇ ಒಳಗೆ ಕೊಟ್ಟಿದ್ದರೆ ಉಂಟು. ವಾಟ್ಸಾಪ್ ಕೊಡುತ್ತದೆ, ಆದರೆ ಅದರ ಪಟ್ಟಿಯಲ್ಲಿರುವ ಟೋನ್ ಮಾತ್ರ. ಮೊಮ್ಮಗಳ ದನಿ ಅಲ್ಲಿ ಮೆಸೇಜಿಗೆ ಸಿಗುವುದಿಲ್ಲ.

ಏಪ್ರಿಲ್ ಕೊನೆಗೆ ಕಾಕಾ ಮತ್ತೆ ಬಂದರು. ಮುಖ ಗಂಟಿಕ್ಕಿತ್ತು. "ನಿನ್ನಿ ರಾತ್ರಿ ಕರೆಂಟ್ ಬಂದೈತಿ, ಮಮ್ಮಗಳು ಎಬ್ಬಿಸಲಿಲ್ಲ."

ಟೋನ್ ನೋಡಿದೆ, ಇತ್ತು. ನಕ್ಷತ್ರ ಇತ್ತು. ವಾಲ್ಯೂಮ್ ಪೂರ್ತಿ ಇತ್ತು. ನನ್ನ ಫೋನಿನ ನಂಬರನ್ನು ಆ ಹೆಸರಿಗೆ ಸೇರಿಸಿ ಕರೆ ಮಾಡಿ ನೋಡಿದೆ, "ಅಜ್ಜಾ, ಕರೆಂಟ್ ಬಂತ, ಏಳ!" ಅಂತ ಅಂಗಡಿ ತುಂಬ ಕೂಗಿತು. ಕೊನೆಗೆ ಕರೆಗಳ ಪಟ್ಟಿ ತೆಗೆದೆ. ಹಿಂದಿನ ರಾತ್ರಿ ಸ್ಟಾರ್ಟರಿನಿಂದ ಕರೆಯೇ ಬಂದಿರಲಿಲ್ಲ. ಅದರ ನಂಬರಿಗೆ ಫೋನ್ ಹಚ್ಚಿದರೆ ಹೋಗಲಿಲ್ಲ. ಸ್ಟಾರ್ಟರಿನ ಸಿಮ್‌ಗೆ ರೀಚಾರ್ಜ್ ಮುಗಿದು ಮೂರು ದಿನ ಆಗಿತ್ತು.

ರೀಚಾರ್ಜ್ ಮಾಡಿಸಿಕೊಂಡು ಹೊರಟವರು ಬಾಗಿಲಲ್ಲಿ ನಿಂತರು. "ಹಂಗಾದ್ರ ಇದರ ರೀಚಾರ್ಜ್ ತಾರೀಖಿಗೂ ಒಂದ ಟೋನ್ ಇಡು."

ಫೋನ್ ವಾಪಸ್ ತೆಗೆದುಕೊಂಡು Calendar ತೆರೆದೆ.